ಸ್ವಯಂಚಾಲಿತ ಉತ್ತರಗಳ ನಿಯಮ ಪರಿಶೀಲನೆ
ಯಂತ್ರ ಸಿದ್ಧಪಡಿಸಿದ ಉತ್ತರವು ಸಂಸ್ಥೆಯ ನಿಯಮ ಮೀರಿ ಮಾತು ಕೊಟ್ಟಿದೆಯೇ ಎಂದು, ಅದು ಗ್ರಾಹಕರನ್ನು ತಲುಪುವ ಮುನ್ನವೇ ನೋಡುವ ಕ್ರಮ. ಇದರ ಅಗತ್ಯವನ್ನು ಚೆನ್ನಾಗಿ ತೋರಿಸುವ ಪ್ರಕರಣ ಕೆನಡಾದ್ದು. 2022ರ ನವೆಂಬರ್‌ನಲ್ಲಿ ಅಜ್ಜಿ ತೀರಿಕೊಂಡಾಗ ಹೊರಟ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ನೀಡಿದ 90 ದಿನಗಳೊಳಗೆ ಅರ್ಜಿ ಹಾಕಿ ಸಾವಿನ ಸಂದರ್ಭದ ರಿಯಾಯಿತಿ ಪಡೆಯಬಹುದು ಎಂದಿತು. ಪ್ರಯಾಣ ಮುಗಿದ ಮೇಲೆ ಈ ರಿಯಾಯಿತಿ ಸಲ್ಲದು ಎಂಬುದು ಕಂಪನಿಯ ನಿಯಮ. ಉತ್ತರದಲ್ಲಿದ್ದ ಕೊಂಡಿಯೇ ಆ ನಿಯಮದ ಪುಟಕ್ಕೆ ಒಯ್ಯುತ್ತಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಬಡ್ಡಿ, ಶುಲ್ಕ ಸೇರಿ ಸುಮಾರು 812 ಕೆನಡಿಯನ್ ಡಾಲರ್ ಕೊಡಿಸಿತು.

ಪರಿಶೀಲಿಸುವವರು ಉತ್ತರದಲ್ಲಿನ ಪ್ರತಿಯೊಂದು ಭರವಸೆಯನ್ನೂ ಬಿಡಿಸಿಕೊಳ್ಳುತ್ತಾರೆ: ಏನು ಸಿಗುತ್ತದೆ, ಯಾರಿಗೆ, ಯಾವಾಗ. ಬಳಿಕ ಅದನ್ನು ನಿಯಮದ ವಾಕ್ಯದ ಪಕ್ಕದಲ್ಲಿಟ್ಟು ಓದುತ್ತಾರೆ. ಮೇಲಿನ ಉತ್ತರದಲ್ಲಿ ‘ಏನು’ ಸರಿಯಿತ್ತು, ‘ಯಾವಾಗ’ ತಪ್ಪಿತ್ತು. ‘ಹಣ ವಾಪಸ್’ ಎಂಬ ಪದವನ್ನಷ್ಟೇ ಹುಡುಕುವ ಸೋಸುವಿಕೆಗೆ ಇಂಥ ತಪ್ಪು ಸಿಗುವುದಿಲ್ಲ. ‘ಚಿಂತಿಸಬೇಡಿ, ಮೊತ್ತ ಖಾತೆಗೆ ಬರುತ್ತದೆ’ ಎಂಬ ಸಾಂತ್ವನವೂ ಭರವಸೆಯೇ. ಹೋಲಿಕೆಗೆ ಬಳಸುವ ನಿಯಮದ ಪ್ರತಿ ಹಳೆಯದಾಗಿದ್ದರೆ ತಪ್ಪು ಉತ್ತರವೂ ಪಾರಾಗುತ್ತದೆ.