ಕಂಪನಿಯ ಅಪರಾಧ, ನಿರ್ದೇಶಕನ ಹೊಣೆ: ಹಿಂದಿರುಗಿದ ಒಂದು ಚೆಕ್ಕಿನ ಪರಿಶೀಲನೆ

ಕಂಪನಿಗೆ ಶರೀರವಿಲ್ಲವಾದುದರಿಂದ ಅದನ್ನು ಸೆರೆಮನೆಗೆ ಕಳುಹಿಸುವುದು ಅಸಾಧ್ಯವೆಂಬುದು ನಿರ್ವಿವಾದ. ಈ ಅಸಾಧ್ಯತೆಯನ್ನೇ ಆಧಾರವಾಗಿಟ್ಟುಕೊಂಡು, ಸೆರೆವಾಸವನ್ನು ಕಡ್ಡಾಯವಾಗಿ ವಿಧಿಸತಕ್ಕ ಅಪರಾಧಗಳಿಗಾಗಿ ಕಂಪನಿಯನ್ನು ವಿಚಾರಣೆಗೇ ಗುರಿಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ವೆಲ್ಲಿಯಪ್ಪ ಟೆಕ್ಸ್‌ಟೈಲ್ಸ್ ಪ್ರಕರಣದಲ್ಲಿ ತೀರ್ಮಾನಿಸಿದ್ದಿತು. ಎರಡೇ ವರ್ಷಗಳಲ್ಲಿ, ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ಅಭಿಪ್ರಾಯವನ್ನು ತಳ್ಳಿಹಾಕಿ, ಅಂಥ ಸಂದರ್ಭದಲ್ಲಿ ಕಂಪನಿಗೆ ಜುಲ್ಮಾನೆಯನ್ನಾದರೂ ವಿಧಿಸಬಹುದೆಂದು ಹೇಳಿತು. ಇದರಿಂದ ಕಂಪನಿಯ ಪ್ರಶ್ನೆ ಬಗೆಹರಿಯಿತಾದರೂ, ಅದರ ಹಿಂದಿರುವ ಮನುಷ್ಯರಲ್ಲಿ ಯಾರು, ಯಾವ ಮಾರ್ಗದಿಂದ ಅಪರಾಧಿಗಳಾಗುತ್ತಾರೆಂಬ ಹೆಚ್ಚು ಜಟಿಲವಾದ ಪ್ರಶ್ನೆ ಉಳಿಯುತ್ತದೆ.

ಕಡಬದ ಬೆಳೆಗಾರನೊಬ್ಬನು ತುಮಕೂರಿನ ಖಾಸಗಿ ಕಂಪನಿಯೊಂದಕ್ಕೆ ಕೊಬ್ಬರಿ ಮಾರಿ ನಾಲ್ಕು ಲಕ್ಷ ರೂಪಾಯಿಯ ಚೆಕ್ಕು ಪಡೆದನೆಂದೂ, ಖಾತೆಯಲ್ಲಿ ಹಣವಿಲ್ಲವೆಂಬ ಬ್ಯಾಂಕಿನ ಚೀಟಿಯೊಡನೆ ಅದು ಮಾರ್ಚ್ 14ರಂದು ಅವನ ಕೈಗೆ ಹಿಂದಿರುಗಿತೆಂದೂ ಭಾವಿಸೋಣ. ಅಂದಿನಿಂದ 30 ದಿನಗಳೊಳಗೆ ಅವನು ಲಿಖಿತ ನೋಟೀಸು ಕೊಡಬೇಕು. ಅದು ಏಪ್ರಿಲ್ 2ರಂದು ತಲುಪಿದರೆ ಹಣ ಸಲ್ಲಿಸಲು 17ರವರೆಗೆ ಅವಕಾಶವುಂಟು. 18ರಂದು ವ್ಯಾಜ್ಯಕಾರಣ ಹುಟ್ಟಿ, ಆ ದಿನವನ್ನು ಬಿಟ್ಟು ಒಂದು ತಿಂಗಳೊಳಗೆ, ಎಂದರೆ ಮೇ 18ರೊಳಗೆ, ದೂರು ದಾಖಲಾಗತಕ್ಕದ್ದು. ಅವನು ಚೆಕ್ಕನ್ನು ಹಾಕಿದ ಖಾತೆ ಗುಬ್ಬಿಯ ಬ್ಯಾಂಕುಶಾಖೆಯಲ್ಲಿದ್ದರೆ, 2015ರ ತಿದ್ದುಪಡಿಯ ಫಲವಾಗಿ ಗುಬ್ಬಿಯ ನ್ಯಾಯಾಲಯಕ್ಕೇ ಅಧಿಕಾರವಿರುವುದು.

ಇಲ್ಲಿಯೇ ಸಾಮಾನ್ಯವಾಗಿ ಎಡವಟ್ಟಾಗುವುದು. ಬೆಳೆಗಾರನಿಗೆ ಪರಿಚಿತನಾದವನು ಚೆಕ್ಕಿಗೆ ರುಜು ಹಾಕಿದ ನಿರ್ದೇಶಕನೇ ಹೊರತು ಕಂಪನಿಯಲ್ಲ. ಆದುದರಿಂದ ನೋಟೀಸೂ ದೂರೂ ಆತನೊಬ್ಬನ ಹೆಸರಿಗೇ ಹೋಗುತ್ತವೆ. ಆದರೆ ಚೆಕ್ಕು ಬರೆದ ಖಾತೆ ಕಂಪನಿಯದು, ಕಾನೂನಿನ ದೃಷ್ಟಿಯಲ್ಲಿ ಅಪರಾಧವೂ ಮೊದಲು ಕಂಪನಿಯದೇ; ವಿನಿಮಯಸಾಧ್ಯ ಪತ್ರಗಳ ಅಧಿನಿಯಮದ 141ನೆಯ ಪ್ರಕರಣವು ನಿರ್ದೇಶಕನನ್ನು ಹಿಡಿಯುವುದು ಕಂಪನಿಯ ಮೂಲಕವೇ ಎಂದು 2012ರ ಅನೀತಾ ಹಾಡಾ ತೀರ್ಪು ಸ್ಪಷ್ಟಪಡಿಸಿದೆ. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಹಿಮಾಂಶು ವಿರುದ್ಧ ಬಿ. ಶಿವಮೂರ್ತಿ ಪ್ರಕರಣದಲ್ಲಿ ಕಂಪನಿಗೆ ನೋಟೀಸು ಹೋಗಿರಲಿಲ್ಲ, ಅದನ್ನು ಆರೋಪಿಯನ್ನಾಗಿ ಸೇರಿಸಿಯೂ ಇರಲಿಲ್ಲ. ಅವಧಿ ಮೀರಿದ ಮೇಲೆ ಸೇರಿಸಲು ಅವಕಾಶ ಕೊಡಲಾಗದೆಂದು 2019ರಲ್ಲಿ ನ್ಯಾಯಾಲಯವು ದೂರನ್ನೇ ರದ್ದುಪಡಿಸಿತು. ದೂರು ಸಲ್ಲಿಸುವಲ್ಲಿ ಆದ ವಿಳಂಬವನ್ನು ಯುಕ್ತ ಕಾರಣವಿದ್ದರೆ ಮನ್ನಿಸಲು ಅಧಿನಿಯಮದಲ್ಲಿ ಅವಕಾಶವಿದೆ. ನೋಟೀಸಿನ ಮೂವತ್ತು ದಿನಗಳಿಗೆ ಅಂಥ ಮನ್ನಣೆಯಿಲ್ಲ. ಕೊಬ್ಬರಿ ಕೊಟ್ಟದ್ದೂ ಹಣ ಬಾರದಿದ್ದದ್ದೂ ಎರಡೂ ಸತ್ಯವಾಗಿದ್ದು, ಲಕೋಟೆಯ ಮೇಲಿನ ವಿಳಾಸವೊಂದರ ಲೋಪದಿಂದ ಮೊಕದ್ದಮೆ ಬಿದ್ದುಹೋಗುವುದು ಕಠಿಣವೆನಿಸಿದರೂ, ಮೂಲ ಅಪರಾಧಿಯಿಲ್ಲದೆ ಅನುಷಂಗಿಕ ಹೊಣೆ ನಿಲ್ಲಲಾರದೆಂಬ ತರ್ಕವನ್ನು ನಾನು ನಿರಾಕರಿಸಲಾರೆ.

ಕಂಪನಿಯನ್ನು ಸೇರಿಸಿದ ಮಾತ್ರಕ್ಕೆ ನಿರ್ದೇಶಕರೆಲ್ಲರೂ ಸಿಕ್ಕಿಬೀಳುವುದಿಲ್ಲ. ಅಪರಾಧ ನಡೆದ ಕಾಲದಲ್ಲಿ ವ್ಯವಹಾರದ ಉಸ್ತುವಾರಿಯೂ ಅದಕ್ಕಾಗಿ ಕಂಪನಿಗೆ ಉತ್ತರದಾಯಿತ್ವವೂ ಉಳ್ಳವನು ಮಾತ್ರ ಹೊಣೆಗಾರ. ಉಸ್ತುವಾರಿಯೆಂದರೆ ದೈನಂದಿನ ವ್ಯವಹಾರದ ಸಮಗ್ರ ಹತೋಟಿಯೆಂಬ ಅರ್ಥವನ್ನು, ಔಷಧ ಕಾಯಿದೆಯ ಇಂಥದೇ ಉಪಬಂಧದ ಸಂಬಂಧದಲ್ಲಿ, 1981ರ ಕರ್ನಾಟಕ ರಾಜ್ಯ ವಿರುದ್ಧ ಪ್ರತಾಪ್ ಚಂದ್ ತೀರ್ಪು ಎತ್ತಿಹಿಡಿದಿದೆ. ನಮ್ಮ ಉದಾಹರಣೆಯಲ್ಲಿ ವ್ಯವಸ್ಥಾಪಕ ನಿರ್ದೇಶಕನು ಹುದ್ದೆಯಿಂದಲೂ, ರುಜು ಹಾಕಿದವನು ಕೃತ್ಯದಿಂದಲೂ ಒಳಗಾಗುತ್ತಾರೆ. ಸಂಖ್ಯೆ ತುಂಬಿಸಲೆಂದು ಹೆಸರು ಕೊಟ್ಟ ಸೋದರಮಾವನಂಥ ನಿರ್ದೇಶಕರು ನಮ್ಮ ಊರುಗಳ ಕಂಪನಿಗಳಲ್ಲಿ ವಿರಳರೇನಲ್ಲ. ಅಂಥವನ ಉಸ್ತುವಾರಿಯನ್ನು ದೂರಿನಲ್ಲೇ ನಿರ್ದಿಷ್ಟವಾಗಿ ಆಪಾದಿಸದಿದ್ದರೆ ಅವನ ವಿರುದ್ಧದ ಮೊಕದ್ದಮೆ ನಿಲ್ಲದೆಂದು 2005ರ ಎಸ್.ಎಂ.ಎಸ್. ಫಾರ್ಮಾಸ್ಯುಟಿಕಲ್ಸ್ ತೀರ್ಪು ವಿಧಿಸಿದೆ. 2013ರ ಕಂಪನಿಗಳ ಅಧಿನಿಯಮವಾದರೋ ಇಷ್ಟು ಉದಾರವಲ್ಲ: ಮಂಡಳಿಯ ನಡಾವಳಿ ಕೈಸೇರಿ ಉಲ್ಲಂಘನೆ ತಿಳಿದುಬಂದ ನಿರ್ದೇಶಕನನ್ನೂ, ಸಭೆಯಲ್ಲಿ ಭಾಗವಹಿಸಿ ಆಕ್ಷೇಪಿಸದೆ ಕುಳಿತವನನ್ನೂ ಅದು ತಪ್ಪಿತಸ್ಥ ಅಧಿಕಾರಿಗಳ ಸಾಲಿಗೆ ಸೇರಿಸುತ್ತದೆ. ಅದೇ ಸೋದರಮಾವನು ಚೆಕ್ಕಿನ ಮೊಕದ್ದಮೆಯಿಂದ ಪಾರಾಗಿಯೂ, ಆ ಅಧಿನಿಯಮದ ಉಲ್ಲಂಘನೆಯೊಂದರಲ್ಲಿ ಸಿಲುಕುವುದು ಹೀಗೆ ಸಾಧ್ಯ.

ಇನ್ನೊಂದು ಪ್ರಸಂಗವುಂಟು. ದೂರಿನ ನಂತರ ಕಂಪನಿಯು ದಿವಾಳಿ ಸಂಹಿತೆಯ ಪ್ರಕ್ರಿಯೆಗೆ ಒಳಗಾದರೆ, ಮೊಕದ್ದಮೆ ಅದರ ಮಟ್ಟಿಗೆ ತಡೆಯಲ್ಪಡುತ್ತದೆ. ಆದರೆ 2021ರ ಪಿ. ಮೋಹನ್‌ರಾಜ್ ತೀರ್ಪಿನ ಪ್ರಕಾರ ಈ ತಡೆಯ ಆಶ್ರಯ ನಿರ್ದೇಶಕರಿಗೆ ದೊರೆಯುವುದಿಲ್ಲ, ಅವರ ವಿರುದ್ಧ ವಿಚಾರಣೆ ಮುಂದುವರಿಯುವುದು. ಕಂಪನಿಯನ್ನು ಸೇರಿಸಬೇಕೆಂಬ ನಿಯಮಕ್ಕೆ ಇದರಿಂದ ಭಂಗವಿಲ್ಲ. ದೂರುದಾರನು ಅದನ್ನು ಮರೆತದ್ದು ಒಂದು, ಕಾನೂನೇ ಅದನ್ನು ತಡೆಹಿಡಿದದ್ದು ಮತ್ತೊಂದು.