ಸದ್ದಿನ ದಿಕ್ಕು ಮತ್ತು ಮಿದುಳುಕಾಂಡ: ನಕ್ಷೆಯೋ, ಎರಡು ಬದಿಗಳ ಸಮತೋಲವೋ?

ಬೆಳಕು ರೆಟಿನಾದ ಮೇಲೆ ಎಲ್ಲಿ ಬಿತ್ತು ಎಂಬುದರಲ್ಲೇ ವಸ್ತು ಯಾವ ದಿಕ್ಕಿನಲ್ಲಿದೆ ಎಂಬ ಸುದ್ದಿ ಅಡಗಿರುತ್ತದೆ. ಕಿವಿಗೆ ಈ ಅನುಕೂಲವಿಲ್ಲ. ಕಾಕ್ಲಿಯಾದ ಬುಡದಿಂದ ತುದಿಯವರೆಗೆ ಸಾಲಾಗಿ ನಿಂತ ರೋಮಕೋಶಗಳು ವಿಂಗಡಿಸುವುದು ಆವೃತ್ತಿಯನ್ನು: ಬುಡದಲ್ಲಿ ತಾರ, ತುದಿಯಲ್ಲಿ ಮಂದ್ರ. ದಿಕ್ಕಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ದಿಕ್ಕನ್ನು ಮಿದುಳು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು. ಆ ಲೆಕ್ಕ ನಡೆಯುವ ಬಗೆಯನ್ನು ಕುರಿತು ಪಠ್ಯಪುಸ್ತಕಗಳು ದಶಕಗಳಿಂದ ಒಂದೇ ಚಿತ್ರವನ್ನು ಕೊಡುತ್ತ ಬಂದಿವೆ. ಆ ಚಿತ್ರ ಗೂಬೆಗೆ ಸರಿ, ಸಸ್ತನಿಗಳಿಗೆ ಹಾಗೆಯೇ ಒಪ್ಪುವುದಿಲ್ಲ ಎಂಬುದು ಈ ಲೇಖನದ ವಾದ.

ಲಾರ್ಡ್ ರೇಲೀ 1907ರಲ್ಲಿ ಎರಡು ಸುಳಿವುಗಳನ್ನು ಬೇರೆ ಮಾಡಿ ತೋರಿಸಿದ. ತಾರಸ್ವರಗಳಿಗೆ ತಲೆ ಅಡ್ಡ ಬಂದು ನೆರಳು ಕೊಡುತ್ತದೆ. ಆಚೆಯ ಕಿವಿಗೆ ಸದ್ದು ಕ್ಷೀಣವಾಗಿ ತಲುಪುತ್ತದೆ. ಮಂದ್ರಸ್ವರಗಳ ತರಂಗ ಉದ್ದವಾದ್ದರಿಂದ ತಲೆಯನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿ ತೀವ್ರತೆಯ ವ್ಯತ್ಯಾಸ ಹೆಚ್ಚಿಲ್ಲ, ಉಳಿಯುವುದು ಕಾಲದ ವ್ಯತ್ಯಾಸ ಮಾತ್ರ. ಮೇಲೆ-ಕೆಳಗೆ ಎಂಬ ನಿರ್ಣಯಕ್ಕೆ ಹೊರಕಿವಿಯ ಮಡಿಕೆಗಳು ತಾರಸ್ವರಗಳಲ್ಲಿ ಉಂಟುಮಾಡುವ ಏರುಪೇರು ನೆರವಾಗುತ್ತದೆ. ಅದು ಬೇರೆಯೇ ಅಧ್ಯಾಯ. ಇಲ್ಲಿ ಎಡ-ಬಲಗಳ ಮಾತು, ಅದರಲ್ಲೂ ಮಂದ್ರಸ್ವರಗಳದು.

ತಲೆಯನ್ನು ಗೋಲವೆಂದು ಭಾವಿಸಿದರೆ ಎರಡು ಕಿವಿಗಳ ನಡುವಿನ ಕಾಲವ್ಯತ್ಯಾಸವನ್ನು ಹೀಗೆ ಅಂದಾಜು ಮಾಡಬಹುದು:

t = (r/c)(θ + sin θ)

ಇಲ್ಲಿ r ತಲೆಯ ತ್ರಿಜ್ಯ, c ಶಬ್ದದ ವೇಗ, θ ನೇರ ಮುಂದಿನಿಂದ ಸದ್ದು ಸರಿದಿರುವ ಕೋನ, ರೇಡಿಯನ್‌ಗಳಲ್ಲಿ. ತ್ರಿಜ್ಯ 8.75 ಸೆಂ.ಮೀ., ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಪೂರ್ತಿ ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ ಬರುವ ಸದ್ದಿಗೆ ಸುಮಾರು 656 ಮೈಕ್ರೋಸೆಕೆಂಡ್ ಸಿಗುತ್ತದೆ. 30 ಡಿಗ್ರಿಗೆ 261. ಮುಂಭಾಗದಲ್ಲಿ ಒಂದೇ ಒಂದು ಡಿಗ್ರಿ ಸರಿದರೆ ಸುಮಾರು 9 ಮಾತ್ರ. ಈ ಒಂದು ಡಿಗ್ರಿಯನ್ನು ನಾವು ಗುರುತಿಸಬಲ್ಲೆವು ಎಂದು ಮಿಲ್ಸ್ 1958ರಲ್ಲಿ ಅಳೆದು ತೋರಿಸಿದ. ನರಕೋಶದ ಒಂದು ವಿದ್ಯುತ್ ಮಿಡಿತವೇ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್ ಇರುತ್ತದೆ. ಅಳೆಯಬೇಕಾದ ಕಾಲ ಅಳೆಯುವ ಸಾಧನದ ಮಿಡಿತದ ನೂರನೇ ಒಂದು ಪಾಲು. ನಿಜವಾದ ಸಮಸ್ಯೆ ಇರುವುದು ಇಲ್ಲಿ.

ಇದಕ್ಕೆ ತಯಾರಿ ಕಾಕ್ಲಿಯರ್ ನ್ಯೂಕ್ಲಿಯಸ್‌ನಲ್ಲೇ ಶುರುವಾಗುತ್ತದೆ. ಶ್ರವಣನರದ ತಂತುಗಳು ಮಂದ್ರಸ್ವರ ಕೇಳಿದಾಗ ತರಂಗದ ಒಂದು ನಿರ್ದಿಷ್ಟ ಘಟ್ಟದಲ್ಲೇ ಮಿಡಿಯುತ್ತವೆ. ಪ್ರತಿ ಆವರ್ತದಲ್ಲೂ ಅಲ್ಲ, ಆದರೆ ಮಿಡಿದಾಗ ಅದೇ ಘಟ್ಟದಲ್ಲಿ. ಈ ತಂತುಗಳು ನ್ಯೂಕ್ಲಿಯಸ್‌ನ ಮುಂಭಾಗದಲ್ಲಿ ‘ಬುಶಿ’ ಕೋಶಗಳೆಂಬ ನರಕೋಶಗಳ ಒಡಲನ್ನು ತಬ್ಬಿಕೊಂಡಂತೆ ಕೊನೆಯಾಗುತ್ತವೆ. ಹೆಲ್ಡ್‌ನ ಹೆಸರು ಹೊತ್ತ ಈ ಗುಂಡಿಗಳು ಮಿದುಳಿನ ಅತಿ ದೊಡ್ಡ ನರಸಂಧಿಗಳ ಸಾಲಿನವು. ಒಂದು ಬುಶಿ ಕೋಶಕ್ಕೆ ಹಲವು ತಂತುಗಳು ಬಂದು ಸೇರುವುದರಿಂದ ಅವುಗಳ ಬಿಡಿಬಿಡಿ ತಪ್ಪುಗಳು ತೊಡೆದುಹೋಗಿ, ಹೊರಬರುವ ಮಿಡಿತ ಒಳಬಂದದ್ದಕ್ಕಿಂತ ನಿಖರವಾಗಿರುತ್ತದೆ. ಜೋರಿಸ್, ಯಿನ್ ಮತ್ತು ಸಂಗಡಿಗರು 1994ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಸಾಗಿದಷ್ಟೂ ಸಂದೇಶ ಮಸುಕಾಗುವುದು ಸಹಜ ಎಂದುಕೊಂಡಿರುವ ನಮಗೆ ಇದು ಬೆರಗಿನ ಸಂಗತಿಯೇ.

ಬುಶಿ ಕೋಶಗಳ ಎಳೆಗಳು ಎರಡೂ ಕಡೆಗಳಿಂದ ಬಂದು ಸೇರುವ ಮೊದಲ ತಾಣ ಮಿದುಳುಕಾಂಡದ ಸುಪೀರಿಯರ್ ಆಲಿವ್. ಅದರ ಒಳಭಾಗವಾದ ಮೀಡಿಯಲ್ ಸುಪೀರಿಯರ್ ಆಲಿವ್, ಮುಂದೆ ಎಂಎಸ್‌ಒ, ಕಾಲವ್ಯತ್ಯಾಸಕ್ಕೆ ಮೀಸಲು. ಹೊರಭಾಗ ಮುಖ್ಯವಾಗಿ ತೀವ್ರತೆಯ ವ್ಯತ್ಯಾಸವನ್ನು ನೋಡಿಕೊಳ್ಳುತ್ತದೆ. ಎಂಎಸ್‌ಒ ಕೋಶಕ್ಕೆ ಎರಡು ಕವಲು: ಒಂದಕ್ಕೆ ಎಡಗಿವಿಯ ಸುದ್ದಿ, ಇನ್ನೊಂದಕ್ಕೆ ಬಲಗಿವಿಯ ಸುದ್ದಿ. ಎರಡೂ ಒಟ್ಟಿಗೆ ಬಂದರೆ ಕೋಶ ಜೋರಾಗಿ ಮಿಡಿಯುತ್ತದೆ, ಹಿಂದೆಮುಂದೆ ಆದರೆ ತಣ್ಣಗಿರುತ್ತದೆ. ಗೋಲ್ಡ್‌ಬರ್ಗ್ ಮತ್ತು ಬ್ರೌನ್ 1969ರಲ್ಲಿ ನಾಯಿಗಳಲ್ಲಿ, ಯಿನ್ ಮತ್ತು ಚಾನ್ 1990ರಲ್ಲಿ ಬೆಕ್ಕುಗಳಲ್ಲಿ ಇದನ್ನು ದಾಖಲಿಸಿದರು. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ.

ತಕರಾರಿರುವುದು ಮುಂದಿನ ಹೆಜ್ಜೆಯಲ್ಲಿ. ಇಂಥ ಪ್ರಯೋಗಗಳಿಗೆ ಬಹಳ ಮುಂಚೆಯೇ, 1948ರಲ್ಲಿ, ಲಾಯ್ಡ್ ಜೆಫ್ರೆಸ್ ಎಂಬ ಮನೋವಿಜ್ಞಾನಿ ಒಂದು ಸುಂದರವಾದ ಊಹೆಯನ್ನು ಮುಂದಿಟ್ಟ. ಎಡದಿಂದ ಬರುವ ಎಳೆಗಳು ಕೋಶಗಳ ಸಾಲಿನುದ್ದಕ್ಕೂ ಕ್ರಮವಾಗಿ ಉದ್ದವಾಗುತ್ತ ಹೋಗುತ್ತವೆ, ಬಲದಿಂದ ಬರುವವು ಅದಕ್ಕೆ ವಿರುದ್ಧವಾಗಿ. ಎಳೆ ಉದ್ದವಾದಷ್ಟೂ ಸುದ್ದಿ ತಡವಾಗುತ್ತದೆ. ಬಲಗಿವಿಗೆ ಸದ್ದು 261 ಮೈಕ್ರೋಸೆಕೆಂಡ್ ಮೊದಲು ಬಂದರೆ, ಬಲದ ಸುದ್ದಿಯನ್ನು ಅಷ್ಟೇ ತಡಮಾಡುವ ಕೋಶ ಮಾತ್ರ ಎರಡನ್ನೂ ಒಟ್ಟಿಗೆ ಪಡೆದು ಗರಿಷ್ಠವಾಗಿ ಮಿಡಿಯುತ್ತದೆ. ಯಾವ ಕೋಶ ಮಿಡಿಯಿತೋ ಅದೇ ದಿಕ್ಕು. ಕಾಲವನ್ನು ಜಾಗವಾಗಿ ಮಾರ್ಪಡಿಸುವ ನಕ್ಷೆಯಿದು.

ಕಣಜ ಗೂಬೆಯಲ್ಲಿ ಈ ಊಹೆ ನಿಜವಾಯಿತು. ಅದರ ನಡುಮಿದುಳಿನಲ್ಲಿ ಸುತ್ತಲ ಅವಕಾಶದ ನಕ್ಷೆಯಿರುವುದನ್ನು ನುಡ್ಸನ್ ಮತ್ತು ಕೊನಿಶಿ 1978ರಲ್ಲಿ ಕಂಡರು. ಜೆಫ್ರೆಸ್ ಊಹಿಸಿದಂಥ ತಡಮಾಡುವ ಎಳೆಗಳನ್ನು ಕ್ಯಾಥರೀನ್ ಕಾರ್ ಮತ್ತು ಕೊನಿಶಿ ಮುಂದಿನ ದಶಕದ ಕೊನೆಗೆ ಗುರುತಿಸಿದರು. ಪುಸ್ತಕಗಳು ಆ ಚಿತ್ರವನ್ನೇ ಸಸ್ತನಿಗಳಿಗೂ ಅಂಟಿಸಿಬಿಟ್ಟವು. ಆದರೆ ಸಸ್ತನಿಯ ಎಂಎಸ್‌ಒದಲ್ಲಿ ಅಷ್ಟು ಕ್ರಮಬದ್ಧವಾದ ಎಳೆಗಳ ಸಾಲಿಗೆ ಸಿಕ್ಕಿರುವ ಪುರಾವೆ ಅರೆಬರೆಯಾದದ್ದು.

2001ರಲ್ಲಿ ಮ್ಯಾಕಲ್ಪೈನ್ ಮತ್ತು ಸಂಗಡಿಗರು ಗಿನಿಪಿಗ್‌ಗಳ ನಡುಮಿದುಳಿನ ಇನ್ಫೀರಿಯರ್ ಕಾಲಿಕ್ಯುಲಸ್‌ನಲ್ಲಿ ಕೋಶಗಳನ್ನು ಅಳೆದಾಗ ಬೇರೆಯೇ ಕ್ರಮ ಹೊರಬಿತ್ತು. ಕೋಶಗಳು ಎಲ್ಲ ದಿಕ್ಕುಗಳಿಗೂ ಹಂಚಿಹೋಗಿರಲಿಲ್ಲ. ಬಹುಪಾಲು ಕೋಶಗಳ ಶಿಖರ, ಎದುರು ಬದಿಯ ಕಿವಿಗೆ ಸದ್ದು ಆವರ್ತದ ಸುಮಾರು ಎಂಟನೇ ಒಂದು ಭಾಗ ಮೊದಲು ತಲುಪುವ ಕಡೆಗೆ ಇತ್ತು. ಆವೃತ್ತಿ ಕೆಳಗಿಳಿದಂತೆ ಆವರ್ತ ಉದ್ದವಾಗುವುದರಿಂದ, ಶಿಖರ ಆ ಪ್ರಾಣಿಯ ತಲೆ ಎಂದೂ ಉಂಟುಮಾಡಲಾರದಷ್ಟು ದೊಡ್ಡ ವ್ಯತ್ಯಾಸದಲ್ಲಿ ಹೋಗಿ ಕೂರುತ್ತದೆ. ನಕ್ಷೆಯ ಮಾದರಿಯಲ್ಲಿ ಇಂಥ ಕೋಶಕ್ಕೆ ಅರ್ಥವೇ ಇಲ್ಲ. ಅದು ತೋರಿಸುವ ದಿಕ್ಕು ಲೋಕದಲ್ಲಿಲ್ಲ.

ಅರ್ಥ ಎಲ್ಲಿದೆ ಎಂಬುದನ್ನು ಲೆಕ್ಕದಿಂದಲೇ ನೋಡೋಣ. ಜರ್ಬಿಲ್ ಎಂಬ ಪುಟ್ಟ ಮರುಭೂಮಿ ದಂಶಕದ ತಲೆ ಕೊಡಬಲ್ಲ ಗರಿಷ್ಠ ವ್ಯತ್ಯಾಸ ಎರಡೂ ಬದಿಗೆ ಸುಮಾರು 120 ಮೈಕ್ರೋಸೆಕೆಂಡ್ ಎಂದಿಟ್ಟುಕೊಳ್ಳೋಣ. ಸ್ವರ 500 ಹರ್ಟ್ಜ್, ಆವರ್ತ 2000 ಮೈಕ್ರೋಸೆಕೆಂಡ್. ಕೋಶದ ಪ್ರತಿಕ್ರಿಯೆ ಸರಳ ಕೊಸೈನ್ ಆಕಾರದ್ದು, ಸೊನ್ನೆಯಿಂದ ನೂರರವರೆಗೆ ಎಂದು ಭಾವಿಸೋಣ. ಶಿಖರ ಸೊನ್ನೆಯಲ್ಲಿದ್ದರೆ, ಸದ್ದು ನೇರ ಮುಂದಿದ್ದಾಗ ಕೋಶ 100 ಕೊಡುತ್ತದೆ, ಪೂರ್ತಿ ಎಡಕ್ಕೆ ಹೋದಾಗ ಸುಮಾರು 96, ಪೂರ್ತಿ ಬಲಕ್ಕೆ ಹೋದಾಗಲೂ ಅದೇ 96. ಎಡಬಲಗಳ ಭೇದವೇ ಕಾಣದು. ಈಗ ಶಿಖರವನ್ನು ಎಂಟನೇ ಒಂದು ಆವರ್ತದಷ್ಟು, ಅಂದರೆ 250 ಮೈಕ್ರೋಸೆಕೆಂಡ್, ಎದುರು ಬದಿಗೆ ಸರಿಸಿ. ಸದ್ದು ಕೋಶವಿರುವ ಬದಿಯಲ್ಲಿದ್ದಾಗ 70, ಮುಂದೆ ಬಂದಾಗ 85, ಎದುರು ಬದಿಗೆ ಹೋದಾಗ 96. ಶಿಖರವನ್ನು ಪ್ರಾಣಿ ಎಂದೂ ಮುಟ್ಟುವುದಿಲ್ಲ. ಆದರೆ ಅದರ ಏರುಹಾದಿ ಪ್ರಾಣಿಯ ಇಡೀ ಲೋಕದ ಮೇಲೆ ಹಾದುಹೋಗುತ್ತದೆ. ಸುದ್ದಿ ಇರುವುದು ಏರಿನಲ್ಲಿ. ಎಡ ಮಿದುಳುಕಾಂಡದ ಕೋಶಗಳು ಬಲಕ್ಕೆ ಏರುತ್ತವೆ, ಬಲದವು ಎಡಕ್ಕೆ. ಎರಡು ತಟ್ಟೆಗಳ ತಕ್ಕಡಿಯಂತೆ ಯಾವುದು ಎಷ್ಟು ವಾಲಿತು ಎಂಬುದೇ ದಿಕ್ಕು.

ಹಾಗಾದರೆ ಶಿಖರ ಸರಿಯುವುದು ಹೇಗೆ? ಬ್ರ್ಯಾಂಡ್, ಗ್ರೋಥೆ ಮತ್ತು ಸಂಗಡಿಗರು 2002ರಲ್ಲಿ ಜರ್ಬಿಲ್‌ನ ಎಂಎಸ್‌ಒದಲ್ಲಿ ಗ್ಲೈಸಿನ್ ಎಂಬ ತಡೆರಾಸಾಯನಿಕದ ಕೆಲಸವನ್ನು ಸ್ಟ್ರಿಕ್ನಿನ್‌ನಿಂದ ನಿಲ್ಲಿಸಿ ನೋಡಿದರು. ನಮ್ಮ ಕರಾವಳಿ, ಮಲೆನಾಡುಗಳ ಕಾಸರಕ ಮರದ ಬೀಜದಲ್ಲಿರುವ ವಿಷವೇ ಈ ಸ್ಟ್ರಿಕ್ನಿನ್. ತಡೆ ಹೋದೊಡನೆ ಶಿಖರಗಳು ಸೊನ್ನೆಯ ಹತ್ತಿರಕ್ಕೆ ಬಂದವು. ಎಳೆಯ ಉದ್ದಕ್ಕಿಂತ, ಉದ್ದೀಪನೆಗೆ ತುಸು ಮುಂಚೆ ಬಂದು ಬೀಳುವ ತಡೆಯೇ ಶಿಖರವನ್ನು ತಳ್ಳುತ್ತಿದೆ ಎಂದು ಅವರು ತೀರ್ಮಾನಿಸಿದರು. ಈ ವಿವರಣೆಗೆ ಪೂರ್ಣ ಒಪ್ಪಿಗೆ ಸಿಕ್ಕಿಲ್ಲ. ಫ್ರಾಂಕನ್, ಜೋರಿಸ್ ಮತ್ತು ಸಂಗಡಿಗರು 2015ರಲ್ಲಿ ಜೀವಂತ ಜರ್ಬಿಲ್‌ನ ಎಂಎಸ್‌ಒ ಕೋಶಗಳ ಒಳಗಿನಿಂದಲೇ ದಾಖಲಿಸಿ, ತಡೆಯ ಕಾಲಮಾನದಿಂದ ಇಷ್ಟು ಸರಿತ ಹುಟ್ಟುವುದಿಲ್ಲ, ಕೋಶದ ಸ್ವಂತ ವಿದ್ಯುತ್ ಗುಣಗಳ ಪಾತ್ರ ದೊಡ್ಡದು ಎಂದು ವಾದಿಸಿದರು. ಶಿಖರ ಸರಿದಿದೆ ಎಂಬುದು ನಿಂತ ಮಾತು. ಯಾರು ಸರಿಸಿದರು ಎಂಬುದು ಇನ್ನೂ ವಿವಾದ.

ಗೂಬೆ ಮತ್ತು ಜರ್ಬಿಲ್‌ಗಳ ನಡುವಿನ ಭೇದಕ್ಕೆ ಹಾರ್ಪರ್ ಮತ್ತು ಮ್ಯಾಕಲ್ಪೈನ್ 2004ರಲ್ಲಿ ಕೊಟ್ಟ ಕಾರಣ ನನಗೆ ಒಪ್ಪಿಗೆಯಾಗುತ್ತದೆ. ಗೂಬೆ ಹಲವು ಸಾವಿರ ಹರ್ಟ್ಜ್‌ಗಳಲ್ಲೂ ಕಾಲವನ್ನು ಹಿಡಿದಿಡಬಲ್ಲದು. 5000 ಹರ್ಟ್ಜ್‌ನಲ್ಲಿ ಆವರ್ತ ಕೇವಲ 200 ಮೈಕ್ರೋಸೆಕೆಂಡ್, ಅಂದರೆ ಶಿಖರ ಮತ್ತು ಕಣಿವೆ ಎರಡೂ ತಲೆಯ ವ್ಯಾಪ್ತಿಯೊಳಗೇ ಬೀಳುತ್ತವೆ. ಅಲ್ಲಿ ಹಂಚಿಹೋದ ಶಿಖರಗಳ ನಕ್ಷೆ ಲಾಭಕರ. ಪುಟ್ಟ ತಲೆ, ಮಂದ್ರಸ್ವರ ಇದ್ದಲ್ಲಿ ಎರಡು ಬದಿಗಳ ತಕ್ಕಡಿ ಲಾಭಕರ. ಮನುಷ್ಯನ ತಲೆ ದೊಡ್ಡದಾದ್ದರಿಂದ ನಮ್ಮಲ್ಲಿ ಅತಿ ಮಂದ್ರಸ್ವರಗಳಿಗೆ ತಕ್ಕಡಿ, ಅದಕ್ಕಿಂತ ಮೇಲಿನವಕ್ಕೆ ಹಂಚಿಕೆ ಎಂಬ ಮಿಶ್ರ ಏರ್ಪಾಡನ್ನು ಅವರ ಲೆಕ್ಕ ಸೂಚಿಸುತ್ತದೆ. ಮನುಷ್ಯರಲ್ಲಿ ಎಂಆರ್‌ಐ ಬಳಸಿ 2006ರಲ್ಲಿ ನಡೆದ ಪ್ರಯೋಗ ಮಾತ್ರ ತಕ್ಕಡಿಯ ಪರವಾಗಿತ್ತು. 500 ಹರ್ಟ್ಜ್ ಸುತ್ತಲಿನ ಸದ್ದನ್ನು 500 ಮೈಕ್ರೋಸೆಕೆಂಡ್ ಅಂತರದಲ್ಲಿ ಕೇಳಿಸಿದಾಗ ಎದುರು ಬದಿಯ ನಡುಮಿದುಳು ಹೆಚ್ಚು ಚುರುಕಾಯಿತು. ತಲೆಗೆ ಮೀರಿದ 1500 ಮೈಕ್ರೋಸೆಕೆಂಡ್ ಕೊಟ್ಟಾಗ, ಕೇಳುಗರಿಗೆ ಸದ್ದು ಅದೇ ಬದಿಯಲ್ಲಿ ಕೇಳಿಸಿದರೂ, ಚುರುಕು ಆಚೆಗೆ ಹಾರಿತು.

ಎಂಎಸ್‌ಒದಿಂದ ಮೇಲಿನ ದಾರಿಯನ್ನು ಬೇಗ ಹೇಳಿಬಿಡಬಹುದು. ಲ್ಯಾಟರಲ್ ಲೆಮ್ನಿಸ್ಕಸ್ ಎಂಬ ಕಟ್ಟಿನ ಮೂಲಕ ಇನ್ಫೀರಿಯರ್ ಕಾಲಿಕ್ಯುಲಸ್, ಅಲ್ಲಿಂದ ಥಲಾಮಸ್‌ನ ಮೀಡಿಯಲ್ ಜೆನಿಕ್ಯುಲೇಟ್, ಅಲ್ಲಿಂದ ಶ್ರವಣ ಕಾರ್ಟೆಕ್ಸ್. ಈ ದಾರಿಯಲ್ಲಿ ಎಲ್ಲಿ ಗಾಯವಾದರೆ ಏನಾಗುತ್ತದೆ ಎಂಬುದು ಮುಖ್ಯ. ಜೆಂಕಿನ್ಸ್ ಮತ್ತು ಮರ್ಜೆನಿಕ್ 1984ರಲ್ಲಿ ಬೆಕ್ಕಿನ ಪ್ರಾಥಮಿಕ ಶ್ರವಣ ಕಾರ್ಟೆಕ್ಸ್‌ನಲ್ಲಿ ಒಂದೇ ಆವೃತ್ತಿಪಟ್ಟಿಯನ್ನು ಹಾಳುಮಾಡಿದಾಗ, ಎದುರು ಬದಿಯಲ್ಲಿ, ಅದೇ ಆವೃತ್ತಿಯ ಸದ್ದುಗಳ ಸ್ಥಾನವನ್ನು ಮಾತ್ರ ಪ್ರಾಣಿ ಕಳೆದುಕೊಂಡಿತು. ಪ್ರತಿ ಅರ್ಧ ಮಿದುಳೂ ಎದುರಿನ ಅರ್ಧ ಲೋಕವನ್ನು ಹೊತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಅಲ್ಲೂ ಗೂಬೆಯಂಥ ದಿಕ್ಕಿನ ನಕ್ಷೆ ಸಿಕ್ಕಿಲ್ಲ.

ರೋಗಿಗಳಲ್ಲಿ ಗಾಯ ಇನ್ನೂ ಕೆಳಗಿದ್ದಾಗ ಚಿತ್ರ ಬದಲಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ರಕ್ತಸಂಚಾರದ ತಡೆಯಿಂದ ಮಿದುಳುಕಾಂಡಕ್ಕೆ ಪೆಟ್ಟಾದವರನ್ನು ಮಿರಿಯಮ್ ಫರ್ಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಗಾಯ ಪಾನ್ಸ್‌ನ ಕೆಳಭಾಗದಲ್ಲಿದ್ದವರಿಗೆ, ಹೆಡ್‌ಫೋನಿನಲ್ಲಿ ಎಷ್ಟೇ ಕಾಲಾಂತರ ಕೊಟ್ಟರೂ ಸದ್ದು ನಡುವಿಗೇ ಬಂದು ಕೂರುತ್ತಿತ್ತು. ಗಾಯ ಮೇಲೆ, ಲೆಮ್ನಿಸ್ಕಸ್ ಮಟ್ಟದಲ್ಲಿದ್ದವರಿಗೆ ಸದ್ದು ನಡುವೆ ನಿಲ್ಲದೆ ಬದಿಗೆ ವಾಲುತ್ತಿತ್ತು. ಕಾಲದ ಸುದ್ದಿ ತಟ್ಟೆಗಳನ್ನು ತಲುಪುವ ಮೊದಲೇ ಕೆಟ್ಟರೆ ತಕ್ಕಡಿ ಸಮವಾಗಿ ನಿಲ್ಲುತ್ತದೆ, ತೂಗಿದ ಮೇಲೆ ಒಂದು ತಟ್ಟೆ ಕಳಚಿದರೆ ವಾಲುತ್ತದೆ ಎಂದು ಇದನ್ನು ನಾನು ಓದುತ್ತೇನೆ.

ಸಾಮಾನ್ಯ ಶ್ರವಣಪರೀಕ್ಷೆ ಒಂದೊಂದು ಕಿವಿಯಲ್ಲಿ ಎಷ್ಟು ಮೆಲ್ಲಗಿನ ಸದ್ದು ಕೇಳಿಸುತ್ತದೆ ಎಂದಷ್ಟೇ ಅಳೆಯುತ್ತದೆ; ಇಲ್ಲಿ ಹೇಳಿದ ಯಾವ ದೋಷವೂ ಅದಕ್ಕೆ ಸಿಗಬೇಕೆಂದಿಲ್ಲ. ಆದ್ದರಿಂದ ಶ್ರವಣತಜ್ಞರಲ್ಲಿ ಒಂದು ಕೋರಿಕೆ: ಆಡಿಯೋಗ್ರಾಂ ಸರಿಯಿದ್ದೂ ‘ಸದ್ದು ಎಲ್ಲಿಂದ ಬಂತೋ ಗೊತ್ತಾಗುವುದಿಲ್ಲ’ ಎನ್ನುವವರನ್ನು ಹಾಗೆಯೇ ಕಳುಹಿಸಬೇಡಿ. ಎರಡೂ ಕಿವಿಗೆ 500 ಹರ್ಟ್ಜ್ ಸುತ್ತಲಿನ ಸದ್ದನ್ನು ಕೆಲವು ನೂರು ಮೈಕ್ರೋಸೆಕೆಂಡ್ ಅಂತರದಲ್ಲಿ ಕೇಳಿಸಿ, ಯಾವ ಬದಿಯೆಂದು ಕೇಳಿ. ಉತ್ತರ ಎಲ್ಲಕ್ಕೂ ನಡುವೆ ಎಂದಾದರೆ ಮಿದುಳುಕಾಂಡದ ಪರೀಕ್ಷೆಗೆ ಕಳುಹಿಸಿ.