1675ರ ನವೆಂಬರಿನಲ್ಲಿ ಲೈಬ್ನಿಟ್ಸ್ ಮಾಡಿದ ತಪ್ಪು

ಪಿಯುಸಿಯಲ್ಲಿ ಗಣಿತ ಓದಿದವರಲ್ಲಿ ಬಹಳ ಮಂದಿ ಒಮ್ಮೆಯಾದರೂ ಮಾಡಿರುವ ತಪ್ಪೊಂದಿದೆ. ಎರಡು ಫಲನಗಳ ಗುಣಲಬ್ಧದ ಇಂಟಿಗ್ರಲ್ ಕೇಳಿದರೆ, ಒಂದೊಂದರ ಇಂಟಿಗ್ರಲ್ ಬೇರೆಬೇರೆಯಾಗಿ ತೆಗೆದು ಗುಣಿಸಿಬಿಡುವುದು. ಕೆಂಪು ಶಾಯಿಯ ಗೆರೆ ತಿಂದು ಹೊರಬಂದವರು ಆಮೇಲೆ ಅದನ್ನು ಮರೆತಿರಬಹುದು. ಆದರೆ ಈ ತಪ್ಪಿನ ಪಕ್ಕದ ಮನೆಯಂಥ ತಪ್ಪೊಂದಕ್ಕೆ ಇಂಟಿಗ್ರಲ್ ಚಿಹ್ನೆಯನ್ನು ಕಂಡುಹಿಡಿದವನೇ ಬಿದ್ದಿದ್ದ. ಅದೂ ಆ ಚಿಹ್ನೆ ಹುಟ್ಟಿ ಎರಡು ವಾರವೂ ಆಗುವ ಮೊದಲು.

ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್ 1672ರಲ್ಲಿ ಪ್ಯಾರಿಸ್ಸಿಗೆ ಬಂದದ್ದು ರಾಜತಾಂತ್ರಿಕ ಕೆಲಸಕ್ಕೆ. ಓದಿದ್ದು ಕಾನೂನು. ಅಲ್ಲಿದ್ದ ಹೈಗೆನ್ಸ್ ಅವನನ್ನು ಗಣಿತದ ಕಡೆಗೆ ಎಳೆದ. 1675ರ ಅಕ್ಟೋಬರ್ ಹೊತ್ತಿಗೆ 29ರ ಈ ಯುವಕ ವಕ್ರರೇಖೆಗಳ ಕೆಳಗಿನ ಕ್ಷೇತ್ರಫಲವನ್ನು ಅಳೆಯುವ ದಾರಿ ಹುಡುಕುತ್ತ, ದಿನಾಂಕ ಹಾಕಿದ ಹಾಳೆಗಳಲ್ಲಿ ತನಗೆ ತಾನೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಆ ಹಾಳೆಗಳು ಉಳಿದುಬಂದಿವೆ. ಹಾಗಾಗಿ ಅವನ ಯೋಚನೆ ಎಲ್ಲಿ ಎಡವಿತು, ಎಲ್ಲಿ ಎದ್ದಿತು ಎಂಬುದನ್ನು ದಿನ ಹಿಡಿದು ನೋಡಬಹುದು.

ಅಲ್ಲಿಯವರೆಗೆ ಅವನು ‘ಎಲ್ಲವುಗಳ ಮೊತ್ತ’ ಎಂಬುದಕ್ಕೆ omn. ಎಂದು ಬರೆಯುತ್ತಿದ್ದ. ಲ್ಯಾಟಿನ್ನಿನ ‘ಎಲ್ಲ’ ಎಂಬ ಪದದ ಮೊಟಕು ರೂಪ ಅದು. ಅಕ್ಟೋಬರ್ 29ರಂದು, ಅದರ ಬದಲು ∫ ಎಂದು ಬರೆದರೆ ಅನುಕೂಲ ಎಂದು ಗುರುತು ಮಾಡಿಕೊಂಡ. ಮೊತ್ತ ಎಂಬರ್ಥದ ‘ಸುಮ್ಮಾ’ ಪದದ ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದದ್ದೇ ಈ ಚಿಹ್ನೆ. ಸ್ಥಿರಸಂಖ್ಯೆ ಇದ್ದರೆ ಅದನ್ನು ಚಿಹ್ನೆಯ ಹೊರಗೆ ತರಬಹುದು ಎಂಬುದನ್ನೂ ಅಂದೇ ಬರೆದ. ಅದೇ ಹಾಳೆಯಲ್ಲಿ ಒಂದು ಎಚ್ಚರಿಕೆಯೂ ಇದೆ: y ಮತ್ತು l ಗಳ ಗುಣಲಬ್ಧವನ್ನು ಕೂಡಿಸುವುದೂ, y ಗಳ ಮೊತ್ತವನ್ನು l ಗಳ ಮೊತ್ತದಿಂದ ಗುಣಿಸುವುದೂ ಒಂದೇ ಅಲ್ಲ.

ಏಕೆ ಅಲ್ಲ ಎಂದು ತಿಳಿಯಲು ತರಕಾರಿ ಲೆಕ್ಕ ಸಾಕು. ಸೋಮವಾರ ಕಿಲೋಗೆ 30 ರೂಪಾಯಿಯಂತೆ 2 ಕಿಲೋ ಈರುಳ್ಳಿ, ಮಂಗಳವಾರ 40 ರೂಪಾಯಿಯಂತೆ 3 ಕಿಲೋ ಕೊಂಡರೆ ಖರ್ಚು 60 ಮತ್ತು 120, ಒಟ್ಟು 180 ರೂಪಾಯಿ. ಕಿಲೋಗಳನ್ನೆಲ್ಲ ಕೂಡಿಸಿ (5), ದರಗಳನ್ನೆಲ್ಲ ಕೂಡಿಸಿ (70) ಗುಣಿಸಿದರೆ 350 ಬರುತ್ತದೆ. ಸೋಮವಾರದ ಈರುಳ್ಳಿಗೆ ಮಂಗಳವಾರದ ದರವನ್ನೂ, ಮಂಗಳವಾರದ್ದಕ್ಕೆ ಸೋಮವಾರದ ದರವನ್ನೂ ಸೇರಿಸಿ ಕೊಟ್ಟಂತಾಯಿತು. ಗುಣಲಬ್ಧದ ಮೊತ್ತದಲ್ಲಿ ಪ್ರತಿಯೊಂದು ಬೆಲೆ ತನ್ನ ಜೋಡಿಯೊಂದಿಗೆ ಮಾತ್ರ ಸೇರಬೇಕು. ಇಂಟಿಗ್ರಲ್ ಎಂದರೂ ಮೊತ್ತವೇ. ಅಲ್ಲೂ ಇದೇ ನಿಯಮ. ದರ ಎರಡೂ ದಿನ 30 ಆಗಿದ್ದರೆ ಅದನ್ನು ಹೊರಗಿಟ್ಟು 30 × 5 ಎನ್ನಬಹುದಿತ್ತು. ಸ್ಥಿರಸಂಖ್ಯೆ ಹೊರಬರುವುದು ಇದಕ್ಕೇ. ತಪ್ಪಿಗೆ ಆಸೆ ಹುಟ್ಟುವುದೂ ಇಲ್ಲಿಂದಲೇ: ಒಂದು ಅಂಶ ಹೊರಬರುವುದಾದರೆ ಇನ್ನೊಂದೇಕೆ ಬರಬಾರದು ಎನಿಸುತ್ತದೆ.

ಮೊತ್ತದ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿದ್ದ ಲೈಬ್ನಿಟ್ಸ್, ನವೆಂಬರ್ 11ರಂದು ವ್ಯತ್ಯಾಸದ ವಿಷಯದಲ್ಲಿ ಜಾರಿದ. ಮೊತ್ತದ ವಿರುದ್ಧ ಕ್ರಿಯೆಯೇ ವ್ಯತ್ಯಾಸ. ಅದಕ್ಕೆ ಅವನು d ಎಂಬ ಗುರುತು ಇಟ್ಟಿದ್ದ. d(xy) ಎಂಬುದೂ dx·dy ಎಂಬುದೂ ಒಂದೇ ಏನು ಎಂದು ಅಂದು ಕೇಳಿಕೊಂಡ. ಪರೀಕ್ಷೆಗೆ y = z² + bz, x = cz + d ಎಂದು ಇಟ್ಟುಕೊಂಡ (ಇಲ್ಲಿ ಕೊನೆಯ d ಒಂದು ಸ್ಥಿರಸಂಖ್ಯೆ ಅಷ್ಟೇ). z ಅನ್ನು ಸ್ವಲ್ಪ ಹೆಚ್ಚಿಸಿ ಎರಡರ ವ್ಯತ್ಯಾಸ ತೆಗೆದು ಗುಣಿಸಿದ. d(xy)ಯನ್ನು ನೇರವಾಗಿ ಲೆಕ್ಕ ಮಾಡಿದರೂ ಅದೇ ಬರುತ್ತದೆ ಎಂದು ಬರೆದುಬಿಟ್ಟ. ಒಂದು ಅಂಶದಲ್ಲಿ ಆಗುವುದು ಇನ್ನೊಂದನ್ನು ಮುಟ್ಟುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ.

ಆದರೆ ಮುಟ್ಟುತ್ತದೆ. ಅದೇ ಹಾಳೆಯಲ್ಲಿ ಮುಂದೆ ಹೋದಂತೆ ಲೆಕ್ಕ ಕೂಡಿಬರಲಿಲ್ಲ. ಎರಡೂ ಅಂಶಗಳು ಒಂದೇ x ಆಗಿರುವ ಅತಿ ಸರಳ ಉದಾಹರಣೆಯೇ ಸಾಕಾಯಿತು. x ಎಂಬುದು 5ರಿಂದ 6ಕ್ಕೆ ಹೋಯಿತು ಎನ್ನೋಣ. x² ಆಗ 25ರಿಂದ 36ಕ್ಕೆ ಹೋಗುತ್ತದೆ, ವ್ಯತ್ಯಾಸ 11. ವ್ಯತ್ಯಾಸಗಳ ಗುಣಲಬ್ಧವಾದರೋ 1 × 1, ಬರೀ 1. ಹಿಂದೆ ಹೇಳಿದ್ದು ತಪ್ಪು, ಅದು ಸಾಬೀತಾದಂತೆ ಕಂಡಿತ್ತು, ಇದು ಕಷ್ಟದ ಜಾಗ ಎಂದು ಲೈಬ್ನಿಟ್ಸ್ ಅಲ್ಲೇ ಒಪ್ಪಿಕೊಂಡ.

ಆ 11ರಲ್ಲಿ ಉಳಿದ 10 ಎಲ್ಲಿಂದ ಬಂತು? 5 ಅಡಿ ಚದರದ ಅಂಗಳವನ್ನು ಎರಡು ಕಡೆಗೆ ಒಂದೊಂದು ಅಡಿ ವಿಸ್ತರಿಸಿದರೆ ಉತ್ತರ ಸಿಗುತ್ತದೆ. ಎರಡು ಬದಿಗೂ 5 ಚದರಡಿಯ ಒಂದೊಂದು ಪಟ್ಟಿ ಸೇರುತ್ತದೆ, ಮೂಲೆಯಲ್ಲಿ 1 ಚದರಡಿಯ ತುಂಡು. ಪಟ್ಟಿಗಳೆಂದರೆ x dy ಮತ್ತು y dx. ಮೂಲೆಯ ತುಂಡು dx·dy. ಒಂದಡಿಯ ಬದಲು 0.01 ಅಡಿ ವಿಸ್ತರಿಸಿದರೆ ಪಟ್ಟಿಗಳು ತಲಾ 0.05, ಮೂಲೆ ಕೇವಲ 0.0001. ಹೆಚ್ಚಳ ಸಣ್ಣದಾದಷ್ಟೂ ಮೂಲೆ ಪಟ್ಟಿಗಳ ಮುಂದೆ ಲೆಕ್ಕಕ್ಕೇ ಇಲ್ಲದಂತಾಗುತ್ತದೆ. ಅಂದರೆ, ಕೊನೆಗೆ ಎಸೆದುಬಿಡಬೇಕಾದ ಮೂಲೆಯ ತುಂಡನ್ನೇ ಲೈಬ್ನಿಟ್ಸ್ ಪೂರ್ತಿ ಉತ್ತರ ಎಂದುಕೊಂಡಿದ್ದ. ಉಳಿಸಿಕೊಳ್ಳಬೇಕಾದ ಎರಡು ಪಟ್ಟಿಗಳು ಕೈಬಿಟ್ಟಿದ್ದವು.

ಹತ್ತು ದಿನ ಕಳೆದು, ನವೆಂಬರ್ 21ರ ಹಾಳೆಯಲ್ಲಿ ಸರಿಯಾದ ಸಂಬಂಧ ಬಂತು: y dx = d(xy) − x dy. ಇದು ಎಲ್ಲ ವಕ್ರರೇಖೆಗಳಿಗೂ ಸಲ್ಲುವ ಗಮನಾರ್ಹ ಪ್ರಮೇಯ ಎಂದು ಪಕ್ಕದಲ್ಲೇ ಬರೆದುಕೊಂಡ. 1684ರಲ್ಲಿ ಆಕ್ಟಾ ಎರುಡಿಟೋರಮ್ ಪತ್ರಿಕೆಯಲ್ಲಿ ತನ್ನ ಕಲನಶಾಸ್ತ್ರವನ್ನು ಮೊದಲ ಸಲ ಅಚ್ಚು ಹಾಕಿಸಿದಾಗ ಈ ಗುಣಾಕಾರದ ನಿಯಮವನ್ನು ಸಾಧನೆಯಿಲ್ಲದೆ ಸುಮ್ಮನೆ ಹೇಳಿಬಿಟ್ಟ. ಓದಿದವರಿಗೆ ಹಿಂದಿನ ಎಡವಟ್ಟಿನ ಸುಳಿವೂ ಸಿಗುವಂತಿರಲಿಲ್ಲ.

ಆ ಸಾಲಿನ ಎರಡು ಕಡೆಗೂ ಮೊತ್ತ ತೆಗೆದರೆ ∫ y dx = xy − ∫ x dy. ಭಾಗಶಃ ಅನುಕಲನ ಎಂದು ತರಗತಿಯಲ್ಲಿ ಕಲಿಸುವುದು ಇದನ್ನೇ. ಗುಣಲಬ್ಧದ ಇಂಟಿಗ್ರಲ್‌ಗೆ ಗುಣಾಕಾರದಷ್ಟು ಸುಲಭದ ದಾರಿ ಇಲ್ಲ, ಇರುವುದು ಈ ವಿನಿಮಯ ಮಾತ್ರ: ಒಂದು ಇಂಟಿಗ್ರಲ್ ಕೊಟ್ಟು ಇನ್ನೊಂದನ್ನು ಪಡೆಯುವುದು. ಸಿಕ್ಕದ್ದು ಕೊಟ್ಟದ್ದಕ್ಕಿಂತ ಸುಲಭವಾಗಿದ್ದರೆ ಲಾಭ.

∫ x cos x dx ತೆಗೆದುಕೊಳ್ಳಬಹುದು. ತಪ್ಪು ದಾರಿಯಲ್ಲಿ ಉತ್ತರ (x²/2) sin x. ಇದನ್ನು ಅವಕಲನ ಮಾಡಿ ನೋಡಿದರೆ x sin x + (x²/2) cos x ಬರುತ್ತದೆ. ಹೊರಟದ್ದು x cos x ಇಂದ, ತಲುಪಿದ್ದು ಇನ್ನೆಲ್ಲಿಗೋ. ವಿನಿಮಯದ ದಾರಿಯಲ್ಲಿ x sin x − ∫ sin x dx, ಅಂದರೆ x sin x + cos x. ಇದನ್ನು ಅವಕಲನ ಮಾಡಿದರೆ sin x ಇರುವ ಪದಗಳು ಒಂದನ್ನೊಂದು ಕಳೆದುಕೊಂಡು x cos x ಮಾತ್ರ ಉಳಿಯುತ್ತದೆ.

ಅವಕಲನ ಮಾಡದೆಯೂ ತಪ್ಪನ್ನು ಹಿಡಿಯಬಹುದು. x ಒಂದು ಉದ್ದ ಎಂದುಕೊಂಡು 0ಯಿಂದ a ವರೆಗೆ x·x ಅನ್ನು ಇಂಟಿಗ್ರೇಟ್ ಮಾಡಿದರೆ a³/3, ಅಂದರೆ ಒಂದು ಘನಫಲ. ಬೇರೆಬೇರೆ ಮಾಡಿ ಗುಣಿಸಿದರೆ a⁴/4. ಉದ್ದವನ್ನು ಮೂರು ಸಲ ಗುಣಿಸಿದ್ದೂ ನಾಲ್ಕು ಸಲ ಗುಣಿಸಿದ್ದೂ ಸಮವಾಗಲಾರದು. dx ಒಂದು ಸಲ ಬರಬೇಕಾದ ಕಡೆ ಎರಡು ಸಲ ಬಂದು ಕೂತಿದೆ. ಆ ಎರಡು ಸಲವೂ ನಿಜವಾಗಿ ಬೇಕಿದ್ದಾಗ, ಅಂದರೆ x ಮತ್ತು y ಒಂದನ್ನೊಂದು ಅವಲಂಬಿಸದೆ ಪೂರ್ತಿ ಆಯತವೊಂದರಲ್ಲಿ ಓಡಾಡುವಾಗ, f(x)·g(y)ಯ ಇಂಟಿಗ್ರಲ್ ಎರಡು ಇಂಟಿಗ್ರಲ್‌ಗಳ ಗುಣಲಬ್ಧವೇ ಆಗುತ್ತದೆ. ಅದು ಪ್ರತಿ ದಿನದ ಈರುಳ್ಳಿಗೂ ಪ್ರತಿ ದಿನದ ದರ ಕೊಡಬೇಕಾದ ಲೆಕ್ಕ. ಅಂಥ ಅಂಗಡಿಯಲ್ಲಿ ಮಾತ್ರ 350 ರೂಪಾಯಿಯ ಬಿಲ್ಲು ಸರಿ.